ಮಗು ಕಾಣದಾಗ ಮೈಕಿನಲ್ಲಿ ಮೊದಲು ಏನು ಹೇಳಬೇಕು?

ಭಾನುವಾರ ಮಧ್ಯಾಹ್ನ, ರೆಸಾರ್ಟಿನ ಈಜುಕೊಳದ ತುಂಬ ಜನ, ಪಕ್ಕದಲ್ಲಿ ಜೋರು ಹಾಡು ಎಂದುಕೊಳ್ಳಿ. 5 ವರ್ಷದ ಮಗಳು ಕಾಣುತ್ತಿಲ್ಲ ಎಂದು ತಾಯಿಯೊಬ್ಬರು ಓಡಿಬರುತ್ತಾರೆ. "ಗಾಬರಿ ಆಗಬೇಡಿ ಮೇಡಂ, ಇಲ್ಲೇ ಎಲ್ಲೋ ಆಡ್ತಿರ್ತಾಳೆ" ಎನ್ನುವ ಸಮಾಧಾನ ಇಲ್ಲಿ ಅಪಾಯಕಾರಿ. ಮುಳುಗುತ್ತಿರುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ. ಉಸಿರಿಗೇ ಪರದಾಡುವಾಗ ದನಿ ಹೊರಡದು. ಆಮ್ಲಜನಕವಿಲ್ಲದೆ ಕೆಲವೇ ನಿಮಿಷ ಕಳೆದರೂ ಮಿದುಳಿಗೆ ಹಾನಿಯಾಗುತ್ತದೆ. ಕೋಣೆಯಲ್ಲಿ ಮಲಗಿರುವ ಮಗು ತಡವಾಗಿ ಸಿಕ್ಕರೂ ಚಿಂತೆಯಿಲ್ಲ, ನೀರಿನಲ್ಲಿರುವ ಮಗುವಿಗೆ ಆ ಕಾಲಾವಕಾಶವಿಲ್ಲ. ಆದ್ದರಿಂದ ಹುಡುಕಾಟ ನೀರಿನಿಂದಲೇ ಶುರುವಾಗಬೇಕು.

ಸಿಬ್ಬಂದಿ ತಾಯಿಗೆ ಹೇಳಬೇಕಾದದ್ದು ಹೀಗೆ: "ಮೇಡಂ, ಈಗಲೇ ಕೊಳದಲ್ಲಿ ನೋಡ್ತಿದ್ದಾರೆ. ನೀವು ನನ್ನ ಜೊತೆಗೇ ಇರಿ. ಯಾವ ಬಣ್ಣದ ಬಟ್ಟೆ? ಕೊನೆಗೆ ನೋಡಿದ್ದು ಎಲ್ಲಿ?" ಪ್ರಶ್ನೆಗಳು ಚಿಕ್ಕವಾಗಿದ್ದರೆ ಗಾಬರಿಯಲ್ಲೂ ಉತ್ತರ ಬರುತ್ತದೆ. ಈ ಉತ್ತರಕ್ಕೆ ಕಾಯದೆ ಜೀವರಕ್ಷಕ ಆಗಲೇ ನೀರಿನ ತಳ ನೋಡುತ್ತಿರಬೇಕು.

ಹಾಡು ನಿಲ್ಲಿಸಿ, ಮೈಕಿನಲ್ಲಿ ನಿಧಾನವಾಗಿ, ಒಂದೇ ದನಿಯಲ್ಲಿ ಹೇಳಬೇಕು: "ಎಲ್ಲರೂ ಗಮನಿಸಿ. ಕೊಳದಲ್ಲಿರುವವರು ದಯವಿಟ್ಟು ಈಗಲೇ ಮೇಲೆ ಬಂದು ದಡದಿಂದ ಹಿಂದೆ ಸರಿಯಿರಿ. ಯಾರೂ ನೀರಿಗೆ ಇಳಿಯಬೇಡಿ. ನಿಮ್ಮ ಮಕ್ಕಳ ಕೈ ಹಿಡಿದುಕೊಳ್ಳಿ." ಇದನ್ನೇ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಹೇಳಬೇಕು. "ಮಗು ಮುಳುಗಿದೆಯಂತೆ" ಎಂದು ಕೂಗಿದರೆ ಹತ್ತಾರು ಜನ ನೀರಿಗೆ ಹಾರುತ್ತಾರೆ. ನೀರು ಕಲಕಿ ತಳ ಕಾಣದಾಗುತ್ತದೆ, ಈಜು ಬಾರದವರೂ ಅಪಾಯಕ್ಕೆ ಸಿಲುಕುತ್ತಾರೆ.

ಎರಡನೇ ಪ್ರಕಟಣೆ ಗುರುತಿನದು: "5 ವರ್ಷದ ಹುಡುಗಿ, ಹಳದಿ ಈಜುಡುಗೆ, ಗಿಡ್ಡ ಕೂದಲು. ಕಂಡವರು ಮಗುವಿನ ಜೊತೆಯೇ ನಿಂತು ಹತ್ತಿರದ ಸಿಬ್ಬಂದಿಯನ್ನು ಕರೆಯಿರಿ." ಹೆಸರನ್ನು ಮೈಕಿನಲ್ಲಿ ಹೇಳದಿರುವುದು ಒಳ್ಳೆಯದು. ಹೆಸರು ಹಿಡಿದು ಕರೆದ ಅಪರಿಚಿತರನ್ನು ಮಗು ಸುಲಭವಾಗಿ ನಂಬಿಬಿಡುತ್ತದೆ. ಇದೇ ಹೊತ್ತಿಗೆ ಗೇಟಿನವರಿಗೂ ಸುದ್ದಿ ಮುಟ್ಟಬೇಕು. ಅಮೆರಿಕದ ವಾಲ್‌ಮಾರ್ಟ್ ಮಳಿಗೆಗಳು 1994ರಲ್ಲಿ ಆರಂಭಿಸಿದ 'ಕೋಡ್ ಆಡಮ್' ಪದ್ಧತಿಯಲ್ಲೂ ಗುರುತು ಸಾರುವುದು, ಬಾಗಿಲು ಕಾಯುವುದು ಒಟ್ಟಿಗೇ ನಡೆಯುತ್ತವೆ. ಆದರೆ ಅದು ಅಂಗಡಿಗಾಗಿ ರೂಪುಗೊಂಡದ್ದು. ಕೊಳವಿರುವಲ್ಲಿ ಗೇಟಿಗಿಂತ ಮೊದಲು ನೀರು.

ಕೊಳದಲ್ಲಿಲ್ಲ ಎಂದು ಖಚಿತವಾದ ಮೇಲೂ ಅಲ್ಲೊಬ್ಬರು ಕಾವಲಿರಬೇಕು. ಬೇಗ ಸಿಗದಿದ್ದರೆ 112ಕ್ಕೆ ಕರೆ ಹೋಗಬೇಕು. ಸಿಕ್ಕಾಗ "ಮಗು ಸಿಕ್ಕಿದೆ, ಸಹಕಾರಕ್ಕೆ ಧನ್ಯವಾದ" ಎಂದು ಸಾರದಿದ್ದರೆ ಹುಡುಕಾಟವೂ ಗಾಳಿಸುದ್ದಿಯೂ ನಿಲ್ಲುವುದಿಲ್ಲ.

ರೆಸಾರ್ಟ್ ನಡೆಸುವವರು ಈ ವಾಕ್ಯಗಳನ್ನು ದಪ್ಪ ಅಕ್ಷರದಲ್ಲಿ ಬರೆಸಿ ಮೈಕಿನ ಪಕ್ಕದಲ್ಲೇ ಅಂಟಿಸಲಿ. ಮುಂದಿನ ಬಾರಿ ಮಕ್ಕಳೊಂದಿಗೆ ಹೋದಾಗ, ನೀರಿಗಿಳಿಯುವ ಮುನ್ನ ನೀವೂ ಕೇಳಿ: ಮಗು ಕಾಣದಿದ್ದರೆ ಇಲ್ಲಿ ಮೈಕ್ ಹಿಡಿಯುವವರು ಯಾರು, ನೀರಿನ ತಳ ನೋಡುವವರು ಯಾರು?