ಉಪ್ಪಿಟ್ಟಿಗೆ ನೀರೆಷ್ಟು?

ಒಂದು ಲೋಟ ರವೆಗೆ ಎರಡೂವರೆ ಲೋಟ ನೀರು. ಅಂಗಡಿಯಲ್ಲಿ ಉಪ್ಪಿಟ್ಟಿನ ರವೆ ಎಂದು ಕೊಡುವ ಮಧ್ಯಮ ತರಿಗೆ ಈ ಲೆಕ್ಕ ಸರಿಹೋಗುತ್ತದೆ. ಎರಡನ್ನೂ ಒಂದೇ ಲೋಟದಲ್ಲಿ ಅಳೆಯಬೇಕು, ಅಷ್ಟೆ. ಉದುರುದುರಾಗಿ ಬೇಕೆಂದರೆ ನೀರನ್ನು ಎರಡು ಲೋಟಕ್ಕೆ ಇಳಿಸಿ. ಹೋಟೆಲಿನ ಖಾರಾಬಾತ್‌ನಂತೆ ಬಟ್ಟಲಿನಲ್ಲಿ ಒತ್ತಿ ಮಗುಚಿದರೆ ಅಚ್ಚು ನಿಲ್ಲುವಷ್ಟು ಮೆತ್ತಗೆ ಬೇಕೆಂದರೆ ಮೂರಕ್ಕೆ ಏರಿಸಿ.

ಅರ್ಧ ಲೋಟಕ್ಕೆ ಇಷ್ಟು ವ್ಯತ್ಯಾಸ ಏಕೆ? ಬಿಸಿನೀರು ತಾಗಿದಾಗ ರವೆಯೊಳಗಿನ ಪಿಷ್ಟ ನೀರು ಕುಡಿದು ಉಬ್ಬುತ್ತದೆ. ನೀರು ಎರಡೇ ಲೋಟ ಇದ್ದರೆ ಅದೆಲ್ಲ ಕಾಳಿನೊಳಗೇ ಸೇರಿ, ಕಾಳುಗಳು ಬಿಡಿಬಿಡಿಯಾಗಿ ಉಳಿಯುತ್ತವೆ. ಮೂರು ಲೋಟ ಇದ್ದಾಗ ಹೊರಗೆ ಬಂದ ಪಿಷ್ಟವೂ ಉಳಿದ ನೀರೂ ಬೆರೆತು ಗಂಜಿಯಾಗಿ ಕಾಳುಗಳನ್ನು ಹಿಡಿದುಕೊಳ್ಳುತ್ತದೆ. ಖಾರಾಬಾತ್‌ಗೆ ಎಣ್ಣೆ, ತುಪ್ಪ ಧಾರಾಳವಾಗಿ ಹಾಕುವುದೂ ಇದಕ್ಕೇ: ಜಿಡ್ಡಿಲ್ಲದಿದ್ದರೆ ಅಷ್ಟು ನೀರಿನ ಉಪ್ಪಿಟ್ಟು ಬಾಯಿಗೆ ಅಂಟುತ್ತದೆ.

ಹುರಿಯುವುದನ್ನು ಬಿಟ್ಟರೆ ಯಾವ ಅಳತೆಯೂ ಕಾಪಾಡದು. ಸಣ್ಣ ಉರಿಯಲ್ಲಿ ಘಮ ಬರುವವರೆಗೆ, ಬಣ್ಣ ತಿರುಗುವ ಮುನ್ನ ಇಳಿಸಬೇಕು. ಸೌಟಿನಲ್ಲಿ ಎತ್ತಿ ಸುರಿದರೆ ರವೆ ಮರಳಿನಂತೆ ಹಗುರವಾಗಿ ಜಾರಬೇಕು. ಹಸಿ ರವೆಗೆ ಎರಡು ಲೋಟ ನೀರು ಹಾಕಿದರೂ ಮುದ್ದೆಯಾಗುತ್ತದೆ.

ತರಿಯೂ ಲೆಕ್ಕ ಬದಲಿಸುತ್ತದೆ. ದಪ್ಪ ತರಿಯ ಬನ್ಸಿ ರವೆ ಮಾಮೂಲಿ ಹದಕ್ಕೆ ಬರಲೂ ಸುಮಾರು ಮೂರು ಲೋಟ ನೀರು ಬೇಡುತ್ತದೆ, ಬೇಯಲು ಹೆಚ್ಚು ಹೊತ್ತೂ ಬೇಕು. ಚಿರೋಟಿ ರವೆ ಉಪ್ಪಿಟ್ಟಿಗೆ ಒಗ್ಗುವುದೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ನಾಲ್ಕು ಜನರಿಗೆ ಮಾಡುವುದನ್ನೇ ನೋಡಿ. 200 ಮಿಲಿಯ ಲೋಟದಲ್ಲಿ ಎರಡು ಲೋಟ ರವೆ ಎಂದರೆ ಐದು ಲೋಟ, ಅಂದರೆ ಒಂದು ಲೀಟರ್ ನೀರು. ಒಗ್ಗರಣೆಗೆ ಎರಡು ದೊಡ್ಡ ಟೊಮೆಟೊ ಬಿದ್ದರೆ ಅದರಲ್ಲಿ ಕಾಲು ಲೋಟ ಕಡಿಮೆ ಮಾಡಿ. ಹುರುಳಿಕಾಯಿ, ಕ್ಯಾರೆಟ್ ಬೇಯಿಸುವಾಗ ಮುಚ್ಚಳ ಮುಚ್ಚಿರಲಿ. ತೆರೆದಿಟ್ಟು ಕುದಿಸಿದರೆ ಅಳೆದು ಹಾಕಿದ ನೀರು ಆವಿಯಾಗಿ ಹೋಗುತ್ತದೆ. ನೀರು ತಳಮಳ ಕುದಿಯುವಾಗ ಉರಿ ತಗ್ಗಿಸಿ, ಒಂದು ಕೈಯಲ್ಲಿ ಕಲಕುತ್ತ ಇನ್ನೊಂದು ಕೈಯಲ್ಲಿ ರವೆಯನ್ನು ಸಣ್ಣ ಧಾರೆಯಾಗಿ ಬಿಡಿ. ಒಮ್ಮೆಲೇ ಸುರಿದರೆ ಹೊರಮೈ ಬೆಂದು ಒಳಗೆ ಹಿಟ್ಟು ಉಳಿದ ಗಂಟುಗಳಾಗುತ್ತವೆ.

ಮುಚ್ಚಿ ಮೂರ್ನಾಲ್ಕು ನಿಮಿಷ ಬೇಯಿಸಿ ಇಳಿಸುವಾಗ ಅದು ಬೇಕಾದ ಹದಕ್ಕಿಂತ ತುಸು ಸಡಿಲವಾಗಿಯೇ ಕಾಣಬೇಕು. ಆರುತ್ತಿದ್ದಂತೆ ಪಿಷ್ಟ ಬಿಗಿಯುತ್ತದೆ. ಮಕ್ಕಳು ಮಧ್ಯಾಹ್ನ ತಿನ್ನುವ ಡಬ್ಬಿಗಾದರೆ ಲೋಟ ರವೆಗೆ ಎರಡೂಮುಕ್ಕಾಲು ನೀರು ಹಾಕಿ, ಒಂದು ಚಮಚ ಎಣ್ಣೆ ಹೆಚ್ಚಿಸಿ.

ಒಣಗಿತೆನಿಸಿದರೆ ಕುದಿಯುವ ನೀರನ್ನೇ ಚಿಮುಕಿಸಿ ಎರಡು ನಿಮಿಷ ಮುಚ್ಚಿಡಿ. ತೆಳುವಾದರೆ ಮುಚ್ಚಳ ತೆಗೆದು ಸಣ್ಣ ಉರಿಯಲ್ಲಿ ಕೈಯಾಡಿಸಿ. ಮೇಲಿಂದ ಹಸಿ ರವೆ ಉದುರಿಸಬೇಡಿ, ಅದು ಬೇಯದೆ ಹಲ್ಲಿಗೆ ಸಿಗುತ್ತದೆ.