ಆರನೆಯ ಪದದ ಒಂದು ಅಕ್ಷರ

ಡಿಎನ್‌ಎಯ ಎಳೆಯಲ್ಲಿ ಒಂದೇ ಒಂದು ಬೇಸ್ ಹೋಗಿ ಆ ಜಾಗಕ್ಕೆ ಇನ್ನೊಂದು ಬಂದು ಕೂತರೆ ಅದು ಬಿಂದು ಉತ್ಪರಿವರ್ತನೆ. ಬೇಸ್‌ಗಳು ನಾಲ್ಕೇ: ಎ, ಟಿ, ಜಿ, ಸಿ. ಜೀವಕೋಶ ಇವನ್ನು ಮೂರು ಮೂರಾಗಿ ಕೂಡಿಸಿ ಓದುತ್ತದೆ. ಕೋಡಾನ್ ಎಂಬ ಈ ಮೂರಕ್ಷರದ ಪದ ಒಂದು ಅಮೈನೋ ಆಮ್ಲವನ್ನು ಸೂಚಿಸುತ್ತದೆ. ಪದಗಳ ಸಾಲಿನಂತೆಯೇ ಅಮೈನೋ ಆಮ್ಲಗಳನ್ನು ಪೋಣಿಸಿದರೆ ಪ್ರೋಟೀನ್ ಸಿದ್ಧ. ಒಟ್ಟು 64 ಪದಗಳಲ್ಲಿ ಮೂರು ಮಾತ್ರ ಯಾವ ಅಮೈನೋ ಆಮ್ಲವನ್ನೂ ಹೇಳದೆ, ಪೋಣಿಸುವುದನ್ನು ಇಲ್ಲಿಗೆ ನಿಲ್ಲಿಸು ಎನ್ನುತ್ತವೆ.

ಅಕ್ಷರವೊಂದು ತಪ್ಪಿದಾಗ ಏನೇನಾಗಬಹುದು ಎಂಬುದನ್ನು ತಿಳಿಯಲು 11ನೆಯ ಕ್ರೋಮೋಸೋಮ್‌ನಲ್ಲಿರುವ ಬೀಟಾ ಗ್ಲೋಬಿನ್ ಜೀನ್ ಒಂದೇ ಸಾಕು. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ನಿನ ನಾಲ್ಕು ಸರಪಳಿಗಳಲ್ಲಿ ಎರಡು ಬೀಟಾ ಸರಪಳಿಗಳು. ಒಂದೊಂದರಲ್ಲೂ 146 ಅಮೈನೋ ಆಮ್ಲಗಳು.

ಈ ಜೀನಿನ ಎರಡನೆಯ ಪದ ಕೆಲವರಲ್ಲಿ ಸಿ-ಎ-ಸಿ, ಇನ್ನು ಕೆಲವರಲ್ಲಿ ಸಿ-ಎ-ಟಿ. ಎರಡರ ಅರ್ಥವೂ ಹಿಸ್ಟಿಡಿನ್ ಎಂದೇ. ಅಮೈನೋ ಆಮ್ಲಗಳು ಇಪ್ಪತ್ತೇ ಇದ್ದು ಪದಗಳು ಹೆಚ್ಚಿರುವುದರಿಂದ ಒಂದೇ ಅಮೈನೋ ಆಮ್ಲಕ್ಕೆ ಹಲವು ಹೆಸರುಗಳಿರುತ್ತವೆ. ಹೀಗೆ ಅಕ್ಷರ ಬದಲಾದರೂ ಪ್ರೋಟೀನ್ ಬದಲಾಗದಿದ್ದರೆ ಅದು ಸೈಲೆಂಟ್, ಎಂದರೆ ಸದ್ದಿಲ್ಲದ ಉತ್ಪರಿವರ್ತನೆ. ಅದೇ ಜೀನಿನ 39ನೆಯ ಪದ ಸಿ-ಎ-ಜಿ. ಅಲ್ಲಿನ ಸಿ ಹೋಗಿ ಟಿ ಬಂದರೆ ಅದು ಟಿ-ಎ-ಜಿ, ‘ನಿಲ್ಲಿಸು’ ಎಂಬ ಆಜ್ಞೆ. 146 ಮಣಿಗಳ ಸರ 38ಕ್ಕೇ ಕಡಿದುಹೋಗುತ್ತದೆ. ಅಷ್ಟು ತುಂಡಿನಿಂದ ಏನೂ ಉಪಯೋಗವಿಲ್ಲ. ಇದು ನಾನ್‌ಸೆನ್ಸ್ ಉತ್ಪರಿವರ್ತನೆ. ಮೆಡಿಟರೇನಿಯನ್ ತೀರದ, ಮುಖ್ಯವಾಗಿ ಸಾರ್ಡೀನಿಯಾ ದ್ವೀಪದ ಜನರಲ್ಲಿ ಬೀಟಾ ಥಲಸ್ಸೀಮಿಯಾ ಬರಲು ಇದೇ ಪ್ರಮುಖ ಕಾರಣ.

ಪದ ಬದಲಾಗಿ ಬೇರೊಂದು ಅಮೈನೋ ಆಮ್ಲ ಬಂದರೆ ಅದು ಮಿಸ್‌ಸೆನ್ಸ್. ಎಷ್ಟೋ ಸಲ ಇದರಿಂದ ತೊಂದರೆಯೇ ಆಗುವುದಿಲ್ಲ. ಆದರೆ ಬೀಟಾ ಗ್ಲೋಬಿನ್ನಿನ ಆರನೆಯ ಪದದಲ್ಲಿ ನಡೆಯುವ ಬದಲಾವಣೆಯ ಕಥೆ ಬೇರೆ. ಅಲ್ಲಿರಬೇಕಾದ ಜಿ-ಎ-ಜಿ ಎಂದರೆ ಗ್ಲುಟಾಮಿಕ್ ಆಮ್ಲ. ನಡುವಿನ ಎ ಹೋಗಿ ಟಿ ಬಂದರೆ ಜಿ-ಟಿ-ಜಿ, ಅಂದರೆ ವ್ಯಾಲಿನ್. ಗ್ಲುಟಾಮಿಕ್ ಆಮ್ಲ ಋಣ ವಿದ್ಯುದಂಶ ಹೊತ್ತು ನೀರಿನೊಂದಿಗೆ ಹೊಂದಿಕೊಳ್ಳುತ್ತದೆ. ವ್ಯಾಲಿನ್ ಎಣ್ಣೆಯಂತೆ ನೀರಿನಿಂದ ದೂರ ಸರಿಯುತ್ತದೆ. ಆರನೆಯ ಸ್ಥಾನ ಹಿಮೋಗ್ಲೋಬಿನ್ನಿನ ಹೊರಮೈಯಲ್ಲಿದೆ, ಹಾಗಾಗಿ ಮೈಮೇಲೆ ಜಿಡ್ಡಿನ ಚುಕ್ಕೆಯೊಂದು ಅಂಟಿದಂತಾಗುತ್ತದೆ.

ಈ ಹಿಮೋಗ್ಲೋಬಿನ್‌ಗೆ ಎಸ್ ಎಂಬ ಹೆಸರು. ಆಮ್ಲಜನಕ ಹೊತ್ತಿರುವಷ್ಟು ಹೊತ್ತು ಅದು ಸಹಜವಾಗಿಯೇ ಇರುತ್ತದೆ. ಅಂಗಾಂಶಕ್ಕೆ ಆಮ್ಲಜನಕ ಒಪ್ಪಿಸಿದೊಡನೆ ಅದರ ಆಕಾರ ತುಸು ಬದಲಾಗಿ, ಮೈಮೇಲೆ ಜಿಡ್ಡನ್ನು ಹಿಡಿಯಬಲ್ಲ ಒಂದು ಗುಳಿ ತೆರೆದುಕೊಳ್ಳುತ್ತದೆ. ಒಂದು ಅಣುವಿನ ವ್ಯಾಲಿನ್ ಪಕ್ಕದ ಅಣುವಿನ ಗುಳಿಗೆ ಹೋಗಿ ಕೂರುತ್ತದೆ, ಅದರ ವ್ಯಾಲಿನ್ ಮತ್ತೊಂದರ ಗುಳಿಗೆ. ಹೀಗೆ ಸಾಲು ಬೆಳೆದು ಗಟ್ಟಿ ನಾರುಗಳಾಗುತ್ತವೆ. ಆ ನಾರುಗಳು ಒಳಗಿನಿಂದ ಒತ್ತಿ, ದುಂಡಗೆ ಮೆದುವಾಗಿದ್ದ ಕೆಂಪು ರಕ್ತಕಣವನ್ನು ಕುಡುಗೋಲಿನಂತೆ ಬಾಗಿಸುತ್ತವೆ. ಶ್ವಾಸಕೋಶಕ್ಕೆ ಮರಳಿ ಆಮ್ಲಜನಕ ಸಿಕ್ಕಾಗ ನಾರು ಕರಗಿ ಕಣ ಮತ್ತೆ ದುಂಡಗಾಗುತ್ತದೆ. ಆದರೆ ಪದೇ ಪದೇ ಬಾಗಿ ಪೊರೆ ಹಾಳಾದ ಕಣ ಕೊನೆಗೆ ಬಾಗಿದಂತೆಯೇ ಉಳಿದುಬಿಡುತ್ತದೆ.

ಬಾಗಿ ಬಿಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಮೂಳೆ, ಎದೆ, ಹೊಟ್ಟೆಗಳಲ್ಲಿ ತಡೆಯಲಾಗದ ನೋವು ತರುತ್ತವೆ. ಗುಲ್ಮ ಚಿಕ್ಕ ವಯಸ್ಸಿನಲ್ಲೇ ಸೊರಗುವುದರಿಂದ ಮಕ್ಕಳಿಗೆ ಸೋಂಕಿನ ಭಯ ಹೆಚ್ಚು. ಸಾಮಾನ್ಯ ಕೆಂಪು ಕಣ ಸುಮಾರು 120 ದಿನ ಬಾಳಿದರೆ ಇವು 10ರಿಂದ 20 ದಿನಕ್ಕೇ ಒಡೆಯುತ್ತವೆ, ರಕ್ತಹೀನತೆ ಬಿಡದೆ ಕಾಡುತ್ತದೆ. ಹುಟ್ಟಿದ ಕೂಸಿನಲ್ಲಿ ಮಾತ್ರ ಇದೊಂದೂ ಕಾಣುವುದಿಲ್ಲ. ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ನಿನಲ್ಲಿ ಬೀಟಾ ಸರಪಳಿಯೇ ಇಲ್ಲ. ಅದು ಕಡಿಮೆಯಾಗುವ ಕೆಲವು ತಿಂಗಳವರೆಗೆ ರೋಗ ಅಡಗಿರುತ್ತದೆ.

ಋಣ ವಿದ್ಯುದಂಶ ಹೋಗಿದೆ ಎಂಬುದೇ ಈ ರೋಗವನ್ನು ಹಿಡಿಯುವ ದಾರಿಯೂ ಆಯಿತು. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ರೋಗಿಗಳ ಹಿಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಬೇರೆ ರೀತಿ ಚಲಿಸುವುದನ್ನು ತೋರಿಸಿದರು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವರ್ನನ್ ಇಂಗ್ರಾಂ ಅದನ್ನು ಕಿಣ್ವದಿಂದ ತುಂಡರಿಸಿ ಕಾಗದದ ಮೇಲೆ ಹರಡಿದಾಗ, ಚುಕ್ಕೆಗಳ ಗುಂಪಿನಲ್ಲಿ ಒಂದೇ ಒಂದು ಜಾಗ ಬದಲಿಸಿತ್ತು. ಆ ಒಂದು ಅಮೈನೋ ಆಮ್ಲ ಯಾವುದೆಂದು 1957ಕ್ಕೆ ಖಚಿತವಾಯಿತು. ಎಲೆಕ್ಟ್ರೊಫೊರೆಸಿಸ್ ಎಂಬ ಅದೇ ವಿಧಾನ ಇಂದಿಗೂ ಪರೀಕ್ಷೆಗೆ ಬಳಕೆಯಲ್ಲಿದೆ. ರಕ್ತವನ್ನು ದ್ರಾವಣದಲ್ಲಿ ಬೆರೆಸಿ ಮಬ್ಬಾಗುತ್ತದೆಯೇ ಎಂದು ನೋಡುವ ಅಗ್ಗದ ಪರೀಕ್ಷೆಯೂ ಇದೆ, ಆದರೆ ಅದು ವಾಹಕರನ್ನೂ ರೋಗಿಗಳನ್ನೂ ಬೇರ್ಪಡಿಸಲಾರದು.

ಆ ವ್ಯತ್ಯಾಸ ತಿಳಿಯುವುದು ಬಹಳ ಮುಖ್ಯ. ತಾಯಿ ತಂದೆ ಇಬ್ಬರಿಂದಲೂ ಬದಲಾದ ಜೀನ್ ಬಂದವರಿಗೆ ರೋಗ. ಒಬ್ಬರಿಂದ ಮಾತ್ರ ಬಂದವರು ವಾಹಕರು, ಸಾಮಾನ್ಯವಾಗಿ ಆರೋಗ್ಯವಂತರು. ವಾಹಕರಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ ಎಂದು 1954ರಲ್ಲಿ ಆಂಟನಿ ಆಲಿಸನ್ ಪೂರ್ವ ಆಫ್ರಿಕಾದ ಅಧ್ಯಯನದಿಂದ ತೋರಿಸಿದರು. ಮಲೇರಿಯಾ ಕಾಡಿದ ನಾಡುಗಳಲ್ಲಿ ಈ ಜೀನ್ ಉಳಿದುಬಂದದ್ದು ಹೀಗೆ. ಕರ್ನಾಟಕಕ್ಕೆ ಅಂಟಿಕೊಂಡ ನೀಲಗಿರಿಯ ಬುಡಕಟ್ಟುಗಳಲ್ಲಿ ಇದು 1952ರಲ್ಲೇ ಗುರುತಾಯಿತು. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ವಾಹಕವಾಗುವ ಸಾಧ್ಯತೆ ನಾಲ್ಕರಲ್ಲಿ ಎರಡು.