ಟೆಲಿಗ್ರಾಂನಲ್ಲಿ ಬರುವ ನೌಕರಿ ಸುದ್ದಿ: ಬೀಜದ ಚೀಟಿಯಂತೆ ಓದಿ



ಬಿತ್ತನೆ ಬೀಜ ಕೊಳ್ಳುವಾಗ ಚೀಲದ ಮೇಲಿನ ತೆನೆಯ ಚಿತ್ರ ನೋಡಿ ನೀವು ಹಣ ಕೊಡುವುದಿಲ್ಲ. ಚೀಲಕ್ಕೆ ಹೊಲಿದ ಚೀಟಿಯನ್ನು ತಿರುಗಿಸಿ ತಳಿ ಯಾವುದು, ಮೊಳಕೆ ಎಷ್ಟು, ಅವಧಿ ಯಾವತ್ತಿಗೆ ಮುಗಿಯುತ್ತದೆ ಎಂದು ನೋಡುತ್ತೀರಿ. ಈಗ ನಿಮ್ಮ ಮಕ್ಕಳ ಮೊಬೈಲಿಗೆ ದಿನವೂ ಬೆಳಿಗ್ಗೆ ಟೆಲಿಗ್ರಾಂ ಚಾನೆಲ್‌ಗಳಿಂದ ಸರ್ಕಾರಿ ನೌಕರಿಯ ಸುದ್ದಿ ಬರುತ್ತದೆ. ಅದನ್ನೂ ಹೀಗೆಯೇ ಚೀಟಿ ತಿರುಗಿಸಿ ಓದಬೇಕು. ಹೇಗೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ.

2025ರ ಫೆಬ್ರವರಿಯಲ್ಲಿ ಅಂಚೆ ಇಲಾಖೆಯು ಗ್ರಾಮೀಣ ಡಾಕ್ ಸೇವಕರ ಹುದ್ದೆಗಳಿಗೆ ಅರ್ಜಿ ಕರೆದಿತ್ತು. ನಮ್ಮ ಹೋಬಳಿಯ ಹುಡುಗರಿಗೆ ಬಂದ ಸುದ್ದಿಯ ಸಾರ ಇಷ್ಟು: “ಅಂಚೆ ಇಲಾಖೆಯಲ್ಲಿ 21,413 ಹುದ್ದೆ. ಹತ್ತನೇ ತರಗತಿ ಪಾಸಾದರೆ ಸಾಕು. ಪರೀಕ್ಷೆ ಇಲ್ಲ. ಸಂಬಳ 29,380 ರೂಪಾಯಿವರೆಗೆ. ಕೊನೆಯ ದಿನ ಮಾರ್ಚ್ 3.” ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೂ ಇದನ್ನೇ ನಂಬಿ ಅರ್ಜಿ ಹಾಕಿದ ಒಬ್ಬ ರೈತನ ಮಗ ಕೈಗೆ ಬಂದ ಹುದ್ದೆಯನ್ನು ಬಿಡಬೇಕಾಯಿತು. ಏನಾಯಿತೆಂದು ಒಂದೊಂದಾಗಿ ನೋಡಿ.

ಹುದ್ದೆ ಎಷ್ಟು?

21,413 ಎಂಬುದು ಇಡೀ ದೇಶದ ಲೆಕ್ಕ. ಹುದ್ದೆಗಳನ್ನು ರಾಜ್ಯವಾರು, ಅದರೊಳಗೆ ಅಂಚೆ ವಿಭಾಗವಾರು, ಅದರೊಳಗೆ ಒಂದೊಂದು ಶಾಖಾ ಅಂಚೆ ಕಚೇರಿಗೆ ಮೀಸಲಾತಿ ವರ್ಗ ಸಹಿತ ಹಂಚಿರುತ್ತಾರೆ. ಅರ್ಜಿದಾರನು ಒಂದೇ ಒಂದು ವಿಭಾಗವನ್ನು ಆರಿಸಿ, ಅದರಲ್ಲಿರುವ ಹುದ್ದೆಗಳಿಗೆ ಆದ್ಯತೆ ಕೊಡಬೇಕು. ಈ ಹುಡುಗ ತನ್ನ ವಿಭಾಗದಲ್ಲಿ ಹುದ್ದೆ ಕಡಿಮೆ ಎಂದು ದೂರದ ಜಿಲ್ಲೆಯ ವಿಭಾಗವೊಂದನ್ನು ಆರಿಸಿದ. ಮೊದಲ ತಪ್ಪು ಆದದ್ದು ಅಲ್ಲಿ.

ಪರೀಕ್ಷೆ ಇಲ್ಲ ಎಂದರೆ?

ಪೈಪೋಟಿ ಇಲ್ಲ ಎಂದು ಅರ್ಥವಲ್ಲ. ಹತ್ತನೇ ತರಗತಿಯ ಅಂಕಗಳ ಮೇಲೆಯೇ ಪಟ್ಟಿ ತಯಾರಾಗುತ್ತದೆ. ಶೇಕಡಾವಾರನ್ನು ನಾಲ್ಕು ದಶಾಂಶ ಸ್ಥಾನದವರೆಗೆ ಲೆಕ್ಕ ಹಾಕುತ್ತಾರೆ. ನಮ್ಮ ಹುಡುಗನಿಗೆ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 594 ಬಂದಿತ್ತು, ಅದು 95.0400 ಆಯಿತು. ಅಂಕ ಸಮವಾದರೆ ವಯಸ್ಸಿನಲ್ಲಿ ಹಿರಿಯನಾದವನಿಗೆ ಮೊದಲ ಸ್ಥಾನ. ಆಮೇಲೆ ಪಿಯುಸಿ, ಪದವಿ ಏನು ಓದಿದ್ದರೂ ಅದಕ್ಕೆ ಹೆಚ್ಚುವರಿ ಬೆಲೆ ಇಲ್ಲ. ಆದ್ದರಿಂದ ಅರ್ಜಿ ಹಾಕುವ ಮುನ್ನ ಹಿಂದಿನ ಸುತ್ತಿನ ಆಯ್ಕೆ ಪಟ್ಟಿಯನ್ನು ತೆರೆದು, ನಿಮ್ಮ ವಿಭಾಗದಲ್ಲಿ ನಿಮ್ಮ ವರ್ಗದವರು ಎಷ್ಟು ಅಂಕಕ್ಕೆ ಆಯ್ಕೆಯಾಗಿದ್ದಾರೆ ಎಂದು ನೋಡಿಕೊಳ್ಳುವುದು ಮೇಲು.

“ಹತ್ತನೇ ತರಗತಿ ಪಾಸು” ಎಂಬುದಕ್ಕೂ ಷರತ್ತುಗಳಿವೆ. ಗಣಿತ ಮತ್ತು ಇಂಗ್ಲಿಷಿನಲ್ಲಿ ಪಾಸಾಗಿರಬೇಕು. ಸ್ಥಳೀಯ ಭಾಷೆಯನ್ನು, ನಮ್ಮಲ್ಲಿ ಕನ್ನಡವನ್ನು, ಹತ್ತನೇ ತರಗತಿಯವರೆಗಾದರೂ ಓದಿರಬೇಕು. ವಯಸ್ಸು 18ರಿಂದ 40. ಪರಿಶಿಷ್ಟ ಜಾತಿ, ಪಂಗಡದವರಿಗೆ 5 ವರ್ಷ, ಹಿಂದುಳಿದ ವರ್ಗದವರಿಗೆ 3 ವರ್ಷ ಸಡಿಲಿಕೆ ಇತ್ತು.

ಸಂಬಳ ಎಷ್ಟು?

ಇಲ್ಲಿ ಎರಡನೆಯ ತಪ್ಪು. ಪ್ರಕಟಣೆಯಲ್ಲಿ ಶಾಖಾ ಪೋಸ್ಟ್ ಮಾಸ್ಟರಿಗೆ 12,000ದಿಂದ 29,380 ರೂಪಾಯಿ, ಸಹಾಯಕ ಶಾಖಾ ಪೋಸ್ಟ್ ಮಾಸ್ಟರ್ ಮತ್ತು ಡಾಕ್ ಸೇವಕರಿಗೆ 10,000ದಿಂದ 24,470 ರೂಪಾಯಿ ಎಂದಿತ್ತು. ಶುರುವಾಗುವುದು ಕೆಳಗಿನ ಅಂಕಿಯಿಂದ. ಅದರ ಮೇಲೆ ತುಟ್ಟಿಭತ್ಯೆ ಉಂಟು. ಮೇಲಿನ ಅಂಕಿ ಮುಟ್ಟಲು ಹಲವು ವರ್ಷಗಳ ಸೇವೆ ಬೇಕು. ಕೆಲಸ ದಿನಕ್ಕೆ 4ರಿಂದ 5 ಗಂಟೆ. ಇದು ಇಲಾಖೆಯ ಕಾಯಂ ನೌಕರರ ಶ್ರೇಣಿಗೆ ಸೇರಿದ್ದಲ್ಲ. ಜೀವನಕ್ಕೆ ಬೇರೆ ಆದಾಯವೂ ಇರಬೇಕೆಂದು ನಿಯಮವೇ ಹೇಳುತ್ತದೆ.

ಇದನ್ನು ತಿಳಿದು ಹೋದರೆ, ಊರಲ್ಲೇ ಎರಡು ಎಕರೆ ಹೊಲ, ನಾಲ್ಕು ದನ ಇರುವ ಮನೆಯ ಮಕ್ಕಳಿಗೆ ಇದು ಒಪ್ಪುವ ಕೆಲಸ. ಆದರೆ ಹೊಲವನ್ನು ಬಿಟ್ಟು ದೂರದ ಊರಿಗೆ ಹೋದವನಿಗೆ ಅದೇ ಹಣ ಸಾಲದು. ಮೇಲಾಗಿ, ಶಾಖಾ ಪೋಸ್ಟ್ ಮಾಸ್ಟರಾದವನು ಆ ಹಳ್ಳಿಯಲ್ಲೇ ವಾಸಿಸಬೇಕು. ಅಂಚೆ ಕಚೇರಿಗೆ ಜಾಗವನ್ನೂ ತಾನೇ ಒದಗಿಸಬೇಕು. ಬಾಡಿಗೆಯಾದರೆ ಅದರ ಖರ್ಚೂ ಅವನದೇ. ನಮ್ಮ ಹುಡುಗನಿಗೆ ಪರಿಚಯವಿಲ್ಲದ ಊರಲ್ಲಿ ಇರಲೊಂದು ಮನೆ, ಕಚೇರಿಗೊಂದು ಕೋಣೆ ಬೇಕಾಯಿತು. ಲೆಕ್ಕ ಹಾಕಿ ನೋಡಿ, ಹುದ್ದೆ ಬೇಡವೆಂದು ಬರೆದುಕೊಟ್ಟು ಬಂದ. ಈ ಷರತ್ತು ಮೂಲ ಪ್ರಕಟಣೆಯಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಅವನು ಅದನ್ನು ತೆರೆದಿರಲಿಲ್ಲ.

ಒಳ್ಳೆಯ ಸುದ್ದಿ ಹೇಗಿರಬೇಕು?

ಎಚ್ಚರಿಕೆಯಿಂದ ಬರೆಯುವ ಚಾನೆಲ್ಲುಗಳೂ ಇವೆ. ಅದೇ ಸುದ್ದಿಯನ್ನು ಅವರು ಹೀಗೆ ಬರೆದಾರು:

ಹುದ್ದೆ: ಗ್ರಾಮೀಣ ಡಾಕ್ ಸೇವಕ್, ಅರೆಕಾಲಿಕ, ದಿನಕ್ಕೆ 4–5 ಗಂಟೆ.
ಸಂಖ್ಯೆ: ದೇಶಕ್ಕೆ 21,413, ನಿಮ್ಮ ವಿಭಾಗದ ಪಟ್ಟಿ ನೋಡಿ.
ಅರ್ಹತೆ: ಹತ್ತನೇ ತರಗತಿ, ಗಣಿತ ಮತ್ತು ಇಂಗ್ಲಿಷ್ ಪಾಸು, ಕನ್ನಡ ಓದಿರಬೇಕು.
ಆರಂಭದ ಭತ್ಯೆ: 10,000 ಅಥವಾ 12,000 ರೂಪಾಯಿ, ಜೊತೆಗೆ ತುಟ್ಟಿಭತ್ಯೆ.
ಷರತ್ತು: ಸ್ಥಳದಲ್ಲಿ ವಾಸ, ಪೋಸ್ಟ್ ಮಾಸ್ಟರಾದರೆ ಕಚೇರಿಗೆ ಜಾಗ.
ದಿನಾಂಕ: ಫೆಬ್ರವರಿ 10ರಿಂದ ಮಾರ್ಚ್ 3; ತಿದ್ದುಪಡಿಗೆ ಮಾರ್ಚ್ 6ರಿಂದ 8.
ಶುಲ್ಕ: 100 ರೂಪಾಯಿ, ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡ, ಅಂಗವಿಕಲರಿಗೆ ಇಲ್ಲ.
ಮೂಲ: indiapostgdsonline.gov.in

ಈ ಎಂಟು ಸಾಲುಗಳಲ್ಲಿ ಯಾವುದು ಬಿಟ್ಟುಹೋಗಿದೆಯೋ ಅದನ್ನು ಮೂಲ ಪ್ರಕಟಣೆಯಲ್ಲಿ ಹುಡುಕಬೇಕು. ನಿಮ್ಮ ವಾಚನಾಲಯದ ಕಪ್ಪು ಹಲಗೆಯ ಮೇಲೆ ಇದೇ ಕ್ರಮದಲ್ಲಿ ಬರೆದರೆ, ಮೊಬೈಲ್ ಇಲ್ಲದವರಿಗೂ ಅನುಕೂಲ. ಪ್ರತಿ ಸುತ್ತಿನಲ್ಲೂ ಸಂಖ್ಯೆ, ದಿನಾಂಕ, ನಿಯಮ ಬದಲಾಗಬಹುದು. ಹಳೆಯ ಸುದ್ದಿಯನ್ನು ಹೊಸದೆಂದು ಹಂಚುವವರೂ ಇದ್ದಾರೆ. ಆದ್ದರಿಂದ ವರ್ಷವನ್ನು ಮೊದಲು ನೋಡಿ.

ಮೋಸವನ್ನು ಗುರುತಿಸುವುದು

ಟೆಲಿಗ್ರಾಂ ಚಾನೆಲ್ಲನ್ನು ಯಾರು ಬೇಕಾದರೂ ತೆರೆಯಬಹುದು, ಇಲಾಖೆಯ ಹೆಸರು ಮತ್ತು ಚಿಹ್ನೆಯನ್ನೂ ಹಾಕಿಕೊಳ್ಳಬಹುದು. “ಅರ್ಜಿ ಹಾಕಿ” ಎಂಬ ಅಕ್ಷರಗಳ ಹಿಂದೆ ವಿಳಾಸ ಅಡಗಿದ್ದರೆ, ಅದನ್ನು ಒತ್ತಿದಾಗ ತೆರೆಯಲೇ ಎಂದು ಕೇಳುತ್ತ ನಿಜವಾದ ವಿಳಾಸವನ್ನು ಟೆಲಿಗ್ರಾಂ ತೋರಿಸುತ್ತದೆ. ಅವಸರದಲ್ಲಿ ಒಪ್ಪಬೇಡಿ, ಅಲ್ಲೇ ನಿಂತು ಓದಿ. https:// ಆದ ಮೇಲೆ ಬರುವ ಮೊದಲನೆಯ ಓರೆಗೆರೆಯ ಹಿಂದೆಯೇ gov.in ಇರಬೇಕು. gov.in ಆದ ಮೇಲೆ ಚುಕ್ಕೆ ಇಟ್ಟು ಮತ್ತೊಂದು ಹೆಸರು ಬಂದರೆ, ಅಥವಾ gov ಹಿಂದೆ ಚುಕ್ಕೆಯ ಬದಲು ಅಡ್ಡಗೆರೆ ಇದ್ದರೆ, ಅದು ಸರ್ಕಾರದ್ದಲ್ಲ. .apk ಎಂದು ಕೊನೆಯಾಗುವ ಕಡತ ಪ್ರಕಟಣೆಯಲ್ಲ, ಮೊಬೈಲಿನೊಳಗೆ ಸೇರಿಕೊಳ್ಳುವ ತಂತ್ರಾಂಶ, ಅದನ್ನು ತೆರೆಯಲೇಬೇಡಿ.

ಆಯ್ಕೆಯಾಗಿದೆ, ಠೇವಣಿ ಕಟ್ಟಿ ಎಂದು ಫೋನ್ ಬಂದರೆ ಅದು ಮೋಸ. ಅಂಕದ ಪಟ್ಟಿಯಲ್ಲಿ ಹೆಸರು ಮೇಲೇರಿಸುವ ಕೈ ಯಾರಲ್ಲೂ ಇಲ್ಲ. ಪಟ್ಟಿ ಮೇಲೆ ಹೇಳಿದ ಜಾಲತಾಣದಲ್ಲೇ ಪ್ರಕಟವಾಗುತ್ತದೆ. ಮೂಲ ದಾಖಲೆಗಳ ಪರಿಶೀಲನೆ ಅಂಚೆ ವಿಭಾಗದ ಕಚೇರಿಯಲ್ಲಿ ನಡೆಯುತ್ತದೆ. ಸಂಶಯ ಬಂದರೆ ಅಂಕಪಟ್ಟಿ ಹಿಡಿದು ಹತ್ತಿರದ ಅಂಚೆ ಕಚೇರಿಗೆ ಹೋಗಿ ಕೇಳಿ.

ನಮ್ಮ ಹುಡುಗ ಮುಂದಿನ ಸುತ್ತಿಗೆ ಕಾಯುತ್ತಿದ್ದಾನೆ. ಈ ಸಾರಿ ತನ್ನ ವಿಭಾಗವನ್ನೇ ಆರಿಸುವನಂತೆ. ಮನೆಯ ಮುಂದಿನ ಕೋಣೆಗೆ ಅವನ ಅಪ್ಪ ಆಗಲೇ ಸುಣ್ಣ ಬಳಿಸಿದ್ದಾರೆ.